ಕುತ್ತಿಗೆಯ ನಳಿಕೆ, ಎಂಟನೆಯ ದಿನದ ಚಳಿ

ಮಳೆಗಾಲದಲ್ಲಿ ಕರಾವಳಿಯ ಐಸಿಯುಗಳಿಗೆ ಇಲಿಜ್ವರದ ರೋಗಿಗಳು ಬರುವುದು ಹೊಸದಲ್ಲ. ಗದ್ದೆಯ ನೀರಿನಲ್ಲಿ ನಿಂತು ನೇಜಿ ನೆಟ್ಟ ನಲವತ್ತೆರಡರ ಕೂಲಿಕಾರರೊಬ್ಬರು ರಾತ್ರಿ ಎರಡು ಗಂಟೆಗೆ ಬರುತ್ತಾರೆ ಎಂದುಕೊಳ್ಳಿ. ಕಣ್ಣು ಹಳದಿ, ಬಿಪಿ ಪಾತಾಳದಲ್ಲಿ, ಉಸಿರಿಗೆ ಏದುಸಿರು. ಅವರಿಗೆ ಎರಡು ನಳಿಕೆಗಳು ಬೇಕಾಗುತ್ತವೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಹರಿಸಲು ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್, ಉಸಿರಾಟಕ್ಕೆ ಗಂಟಲಲ್ಲಿ ವೆಂಟಿಲೇಟರಿನ ಟ್ಯೂಬು. ಎರಡೂ ಜೀವ ಉಳಿಸುತ್ತವೆ, ಎರಡೂ ಹೊರಗಿನ ರೋಗಾಣುವಿಗೆ ದೇಹದೊಳಕ್ಕೆ ದಾರಿ ತೆರೆಯುತ್ತವೆ. ಹಲವು ವರ್ಷ ಐಸಿಯು ನರ್ಸ್ ಆಗಿ ನಾನು ಕಂಡ ಹಲವು ರೋಗಿಗಳನ್ನು ಸೇರಿಸಿ ಈ ಒಬ್ಬರನ್ನು ಮಾಡಿದ್ದೇನೆ. ಹೆಚ್ಚಿನ ಮಾತು ಕುತ್ತಿಗೆಯ ಲೈನಿನದು, ಏಕೆಂದರೆ ನಮ್ಮ ಕೈ ಹೆಚ್ಚು ಎಡವುವುದು ಅಲ್ಲಿ.

ಮೊದಲ ಇಪ್ಪತ್ತು ನಿಮಿಷ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಲೈನ್ ಹಾಕುವಾಗ ಮಾಡಲೇಬೇಕಾದ ಐದು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದರು. ಕೈ ತೊಳೆಯಿರಿ. ರೋಗಿಯನ್ನು ತಲೆಯಿಂದ ಕಾಲಿನವರೆಗೆ ಶುದ್ಧ ಬಟ್ಟೆಯಿಂದ ಮುಚ್ಚಿ, ನೀವು ಟೋಪಿ, ಮಾಸ್ಕ್, ಗೌನು, ಗ್ಲೌಸ್ ಧರಿಸಿ. ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದಿಂದ ಉಜ್ಜಿ. ಸಾಧ್ಯವಿದ್ದಷ್ಟೂ ತೊಡೆಸಂದಿಯ ನಾಳವನ್ನು ಬಿಡಿ. ಬೇಡವಾದ ಲೈನನ್ನು ತೆಗೆಯಿರಿ. ಇವುಗಳಲ್ಲಿ ಒಂದೂ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಐದನ್ನೂ ಒಂದೇ ಕಟ್ಟಾಗಿ ನೋಡಿದ್ದು. ಇಂಥ ಕಟ್ಟಿಗೆ ಈಗ ಎಲ್ಲರೂ ಬಂಡಲ್ ಎನ್ನುತ್ತಾರೆ. ನಾಲ್ಕು ಮಾಡಿ ಒಂದು ಬಿಟ್ಟರೆ ಬಂಡಲ್ ಮಾಡಿಲ್ಲ ಎಂದೇ ಲೆಕ್ಕ. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳು ಇದನ್ನು ಪಾಲಿಸಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಅದು ಒಂದು ಲೈನ್‌ದಿನ. ಸಾವಿರ ಲೈನ್‌ದಿನಗಳಿಗೆ ಸರಾಸರಿ 7.7 ಇದ್ದ ರಕ್ತದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿದಿತ್ತು.

ಹಾಳೆಗಿಂತ ದೊಡ್ಡದು ಅದನ್ನು ಹಿಡಿದು ನಿಂತ ನರ್ಸಿಗೆ ಸಿಕ್ಕ ಅಧಿಕಾರ. ಒಂದು ಹೆಜ್ಜೆ ತಪ್ಪಿದರೂ ಅವಳು ವೈದ್ಯರನ್ನು ನಿಲ್ಲಿಸಬಹುದಿತ್ತು. ನಮ್ಮಲ್ಲಿ ಕಷ್ಟ ಇರುವುದು ಇಲ್ಲೇ. “ಸಾರ್, ಗೌನಿನ ತೋಳು ಸ್ಟ್ಯಾಂಡಿಗೆ ತಾಗಿತು, ಬದಲಿಸಬೇಕು” ಎಂದು ರಾತ್ರಿ ಎರಡು ಗಂಟೆಗೆ ಹಿರಿಯ ವೈದ್ಯರಿಗೆ ಹೇಳಲು ಎರಡು ವರ್ಷದ ಅನುಭವದ ಹುಡುಗಿಗೆ ನಾಲಿಗೆ ಏಳುವುದಿಲ್ಲ. ಮುಖ್ಯಸ್ಥರು ಹಗಲಿನಲ್ಲಿ, ಎಲ್ಲರೆದುರು, “ಅವಳು ನಿಲ್ಲಿ ಎಂದರೆ ನಿಲ್ಲಬೇಕು” ಎಂದು ಹೇಳಿಟ್ಟಿರದಿದ್ದರೆ ಹಾಳೆ ಬರೀ ಹಾಳೆ.

ಎರಡು ಸಣ್ಣ ಸಂಗತಿಗಳು ಇಲ್ಲಿ ಕೈ ಕೊಡುತ್ತವೆ. ಮೊದಲನೆಯದು, ಮದ್ಯಸಾರ ಬೆರೆತ ಕ್ಲೋರ್‌ಹೆಕ್ಸಿಡಿನ್ ಉಜ್ಜಿದ ಕೂಡಲೇ ಸೂಜಿ ಚುಚ್ಚುವುದು. ಅರ್ಧ ನಿಮಿಷ ಹಿಂದಕ್ಕೂ ಮುಂದಕ್ಕೂ ಉಜ್ಜಿ, ತಾನಾಗಿ ಒಣಗಲು ಬಿಡಬೇಕು. ಒಣಗುವ ಹೊತ್ತಿನಲ್ಲೇ ಅದು ಕೆಲಸ ಮಾಡುತ್ತಿರುತ್ತದೆ. ಗಾಜ್ ಬಟ್ಟೆಯಿಂದ ಒರೆಸಿದರೆ ಔಷಧಿಯನ್ನೇ ಒರೆಸಿದಂತೆ. ಎರಡನೆಯದು, ನಡುವೆ ತೂತಿರುವ ಚಿಕ್ಕ ಬಟ್ಟೆಯಿಂದ ಕುತ್ತಿಗೆ ಮಾತ್ರ ಮುಚ್ಚುವುದು. ಲೈನಿನೊಳಗೆ ತೂರಿಸುವ ತಂತಿ ಉದ್ದವಾಗಿ, ಸ್ಪ್ರಿಂಗಿನಂತೆ ನೆಗೆಯುತ್ತದೆ. ಅದರ ತುದಿ ರೋಗಿಯ ಹೊಟ್ಟೆಯ ಮೇಲಿನ ಹೊದಿಕೆಗೆ ತಾಗಿದ್ದನ್ನು ಯಾರೂ ಗಮನಿಸಿರುವುದಿಲ್ಲ.

ಪ್ರಾಣ ಹೋಗುವ ಗಳಿಗೆಯಲ್ಲಿ ಇಷ್ಟೆಲ್ಲಕ್ಕೆ ಸಮಯವಿರದೆ ಹೋಗಬಹುದು. ಆಗ ಲೈನ್ ಹಾಕಿ, ಆದರೆ ಚಾರ್ಟಿನಲ್ಲಿ ‘ತುರ್ತಿನಲ್ಲಿ ಹಾಕಿದ್ದು’ ಎಂದು ಬರೆದು, 48 ಗಂಟೆಗಳೊಳಗೆ ಬದಲಿಸಿ.

ಆಮೇಲಿನ ಏಳು ದಿನ

ಲೈನ್ ಹಾಕಿದ್ದಾಯಿತು, ಬಿಪಿ ಏರಿತು, ಎಲ್ಲರೂ ಉಸಿರು ಬಿಟ್ಟರು. ನನ್ನ ಅನುಭವದಲ್ಲಿ ಸೋಂಕಿನ ಕಥೆ ಇಲ್ಲಿಂದ ಶುರುವಾಗುತ್ತದೆ. ಮೊದಲ ಕೆಲವು ದಿನಗಳಲ್ಲಿ ರೋಗಾಣು ಹೆಚ್ಚಾಗಿ ಚರ್ಮದಿಂದ, ನಳಿಕೆಯ ಹೊರಮೈಯನ್ನು ಹಿಡಿದು ಇಳಿಯುತ್ತದೆ. ದಿನ ಕಳೆದಂತೆ ಅದು ನಳಿಕೆಯ ಬಾಯಿಂದ, ಅಂದರೆ ನಾವು ಸಿರಿಂಜು ಸಿಕ್ಕಿಸುವ ಹಬ್‌ನಿಂದ ಒಳಮೈ ಹಿಡಿದು ಇಳಿಯುವುದೇ ಹೆಚ್ಚು. ಮೂರು ಬಾಲದ ಲೈನಿನ ಹಬ್ ಮೂರು, ಅವನ್ನು ದಿನಕ್ಕೆ ಎಷ್ಟು ಸಲ ಬಿಚ್ಚುತ್ತೇವೆ ಎಂದು ಒಂದು ದಿನ ಎಣಿಸಿ ನೋಡಿ; ನಿಮಗೇ ಗಾಬರಿಯಾಗುತ್ತದೆ. ಪ್ರತಿ ಸಲವೂ ಹಬ್ಬಿನ ಬಾಯಿಯನ್ನು ಸ್ಪಿರಿಟ್ ಸ್ವಾಬ್‌ನಿಂದ, ಮೂಸಂಬಿ ಹಿಂಡುವಂತೆ ತಿರುವಿ ತಿರುವಿ, ಕನಿಷ್ಠ ಹತ್ತು ಹದಿನೈದು ಎಣಿಸುವವರೆಗೆ ಉಜ್ಜಿ, ಒಣಗಿದ ಮೇಲೆ ಸಿರಿಂಜು ಸಿಕ್ಕಿಸಬೇಕು. ಒಂದು ಸಲ ಸವರಿ ಬಿಡುವುದು ಶಾಸ್ತ್ರಕ್ಕೆ ಮಾತ್ರ.

ಡ್ರೆಸಿಂಗಿಗೆ ಪುಸ್ತಕದ ನಿಯಮ ಸರಳ: ಪಾರದರ್ಶಕ ಹಾಳೆಯಾದರೆ ಏಳು ದಿನಕ್ಕೊಮ್ಮೆ, ಗಾಜ್ ಆದರೆ ಎರಡು ದಿನಕ್ಕೊಮ್ಮೆ, ಒದ್ದೆಯಾದರೆ ಅಥವಾ ಅಂಚು ಎದ್ದರೆ ತಕ್ಷಣ. ಕರಾವಳಿಯ ಸೆಕೆಯಲ್ಲಿ, ಗಡ್ಡ ಬೆಳೆದ ಕುತ್ತಿಗೆಯ ಮೇಲೆ, ಏಳು ದಿನ ಉಳಿಯುವ ಹಾಳೆಯನ್ನು ನಾನು ಕಂಡಿಲ್ಲ. ಎದ್ದ ಅಂಚಿನ ಮೇಲೆ ಇನ್ನೊಂದು ಪ್ಲಾಸ್ಟರ್ ಅಂಟಿಸುವ ಚಾಳಿ ನಮ್ಮಲ್ಲಿದೆ. ಕೊಳೆಯನ್ನು ಒಳಗಿಟ್ಟು ಬೀಗ ಹಾಕಿದಂತೆ ಅದು. ಪೂರ್ತಿ ಕಿತ್ತು, ಮತ್ತೆ ಕ್ಲೋರ್‌ಹೆಕ್ಸಿಡಿನ್ ಉಜ್ಜಿ, ಒಣಗಿಸಿ, ಹೊಸದನ್ನು ಹಾಕಬೇಕು.

ಇನ್ನು ಸಲೈನ್ ಬಾಟಲಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಸರಾಗವಾಗಿ ಇಳಿಯಲೆಂದು ಅದರ ತಲೆಗೆ ಸೂಜಿ ಚುಚ್ಚಿ ಗಾಳಿ ಬಿಡುವುದನ್ನು ನೀವು ನೋಡಿರುತ್ತೀರಿ. ಆ ಸೂಜಿಯಿಂದ ವಾರ್ಡಿನ ಗಾಳಿ ಸೋಸದೆ ಒಳಹೋಗುತ್ತದೆ. ತಾನೇ ಕುಗ್ಗುವ ಚೀಲದ ಸಲೈನ್ ಬಳಸಿದರೆ ಈ ಸೂಜಿಯೇ ಬೇಡ. ಚೀಲ ಕೆಲವು ರೂಪಾಯಿ ಹೆಚ್ಚು ನಿಜ, ಒಂದು ಸೋಂಕಿನ ಆ್ಯಂಟಿಬಯೋಟಿಕ್ ಬಿಲ್ಲಿನ ಮುಂದೆ ಅದು ಏನೂ ಅಲ್ಲ.

ಗಂಟಲಿನ ಟ್ಯೂಬು

ವೆಂಟಿಲೇಟರ್ ನ್ಯುಮೋನಿಯಾ ಎಂದರೆ ಗಾಳಿಯಲ್ಲಿ ಬಂದ ರೋಗಾಣು ಎಂದು ಹಲವರು ತಿಳಿದಿದ್ದಾರೆ. ಹೆಚ್ಚಾಗಿ ಅದು ರೋಗಿಯ ಬಾಯಿಯ ಜೊಲ್ಲು. ಟ್ಯೂಬಿನ ಸುತ್ತ ಉಬ್ಬಿದ ಬಲೂನಿನ, ಅಂದರೆ ಕಫ್‌ನ, ಮೇಲೆ ಜೊಲ್ಲು ಮಡುಗಟ್ಟಿ, ಅದರ ಸುಕ್ಕುಗಳ ಸಂದಿನಿಂದ ಶ್ವಾಸಕೋಶಕ್ಕೆ ಜಿನುಗುತ್ತದೆ. ಇದನ್ನು ತಿಳಿದರೆ ಬಂಡಲ್ಲಿನ ಪ್ರತಿ ಹೆಜ್ಜೆಯೂ ತಾನಾಗಿ ಅರ್ಥವಾಗುತ್ತದೆ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ, ಹೊಟ್ಟೆಯದು ಮೇಲೆ ಬಾರದಿರಲಿ ಎಂದು. ಕಫ್‌ನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇರಲಿ, ಮೀಟರಿನಲ್ಲಿ ಅಳೆದು. ಬೆರಳಿನಿಂದ ಹಿಸುಕಿ ನೋಡುವುದು ಅಳತೆಯಲ್ಲ. ದಿನವೂ ಬ್ರಷ್‌ನಿಂದ ಹಲ್ಲುಜ್ಜಿ. ಬಾಯಿಗೆ ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು ಮೊದಲು ಬಂಡಲ್ಲಿನಲ್ಲಿತ್ತು. ಲಾಭಕ್ಕಿಂತ ಹಾನಿಯ ಶಂಕೆ ಹೆಚ್ಚಾದ್ದರಿಂದ ಅಮೆರಿಕದ 2022ರ ಮಾರ್ಗಸೂಚಿ ಅದನ್ನು ಬೇಡ ಎಂದಿತು. ಚರ್ಮಕ್ಕೆ ಬೇಕಾದದ್ದು ಬಾಯಿಗೆ ಬೇಡವಾಯಿತು, ಎರಡನ್ನೂ ಬೆರೆಸಬೇಡಿ.

ಮೂವತ್ತು ಡಿಗ್ರಿ ಎಂದರೆ ಎಷ್ಟು ಎಂಬುದು ಕಣ್ಣಳತೆಗೆ ಸಿಗುವುದಿಲ್ಲ. ಹದಿನೈದನ್ನು ಮೂವತ್ತು ಎಂದು ಬರೆದ ಚಾರ್ಟುಗಳೇ ಹೆಚ್ಚು. ನಾವು ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ನಟ್ಟು ತೂಗಿಸಿ, ಹಾಸಿಗೆಯ ಎದ್ದು ನಿಲ್ಲುವ ಹಲಗೆಯ ಬದಿಗೆ ಅಂಟಿಸಿದೆವು. ಇನ್ನೊಂದು ತಾಪತ್ರಯ, ಹಾಸಿಗೆ ಮೂವತ್ತರಲ್ಲಿದ್ದರೂ ರೋಗಿ ಕೆಳಕ್ಕೆ ಜಾರಿ ಮಲಗಿರುತ್ತಾರೆ. ಸೊಂಟ ಹಾಸಿಗೆಯ ಮಡಿಕೆಯಲ್ಲೇ ಇದೆಯೇ ಎಂದು ಪ್ರತಿ ಸಲ ಮಗ್ಗುಲು ಬದಲಿಸಿದಾಗ ನೋಡಬೇಕು.

ಎಲ್ಲಕ್ಕಿಂತ ದೊಡ್ಡ ಕ್ರಮ ಟ್ಯೂಬನ್ನು ಬೇಗ ತೆಗೆಯುವುದು. ಬೆಳಿಗ್ಗೆ ನಿದ್ದೆಯ ಔಷಧಿ ನಿಲ್ಲಿಸಿ, ಎಚ್ಚರಾದರೆ ಸ್ವಂತ ಉಸಿರಾಟದ ಪರೀಕ್ಷೆ ಮಾಡಿ. ನಮ್ಮ ರೋಗಿಯ ಟ್ಯೂಬು ಆರನೆಯ ದಿನವೇ ಹೊರಬಂತು.

ಎಂಟನೆಯ ದಿನ

ನಾರ್‌ಅಡ್ರಿನಲಿನ್ ಐದನೆಯ ದಿನವೇ ನಿಂತಿತ್ತು. ಲೈನ್ ಮಾತ್ರ ಕುತ್ತಿಗೆಯಲ್ಲೇ ಇತ್ತು. ಏಕೆ? ರಕ್ತ ತೆಗೆಯಲು ಸುಲಭ ಎಂದು. ಕೈಯಲ್ಲಿ ನಾಳ ಹುಡುಕುವ ತೊಂದರೆ ನಮಗೆ ತಪ್ಪುತ್ತಿತ್ತು, ಅದರ ಬೆಲೆ ಅವರು ತೆತ್ತರು. ಎಂಟನೆಯ ದಿನ ಬೆಳಿಗ್ಗೆ ಲೈನಿಗೆ ಸಲೈನ್ ಹಾಯಿಸಿ ಅರ್ಧ ಗಂಟೆಯಾಗಿರಲಿಲ್ಲ, ಮಂಚ ಅಲುಗುವಷ್ಟು ಚಳಿ, ಹಿಂದೆಯೇ 39.4 ಡಿಗ್ರಿ ಜ್ವರ. ಲೈನಿಗೆ ಏನಾದರೂ ಹಾಯಿಸಿದ ಬೆನ್ನಿಗೇ ನಡುಕ ಬಂದರೆ ಮೊದಲ ಅನುಮಾನ ಲೈನಿನ ಮೇಲೆಯೇ ಇರಬೇಕು. ಚುಚ್ಚಿದ ಜಾಗ ಕೆಂಪಾಗಿಲ್ಲ, ಕೀವಿಲ್ಲ ಎಂದು ಸಮಾಧಾನಪಡಬೇಡಿ. ಒಳಮೈಯಿಂದ ಬಂದ ಸೋಂಕಿಗೆ ಹೊರಗೆ ಗುರುತೇ ಇರುವುದಿಲ್ಲ.

ಆ್ಯಂಟಿಬಯೋಟಿಕ್ ಕೊಡುವ ಮುಂಚೆ, ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಬಾಟಲಿ ಎರಡಕ್ಕೆ ರಕ್ತ ತೆಗೆಯಬೇಕು: ಒಂದು ಲೈನಿನಿಂದ, ಇನ್ನೊಂದು ಕೈಯ ನಾಳದಿಂದ. ಒಂದೇ ಹೊತ್ತಿನಲ್ಲಿ, ಒಂದೇ ಪ್ರಮಾಣದಲ್ಲಿ, ಬಾಟಲಿಗೆ ಎಂಟರಿಂದ ಹತ್ತು ಮಿಲಿಲೀಟರ್. ಯಾವುದು ಎಲ್ಲಿಯದು ಎಂದು ಬಾಟಲಿಯ ಮೇಲೆ ಬರೆಯದಿದ್ದರೆ ಶ್ರಮವೆಲ್ಲ ವ್ಯರ್ಥ. ಕಲ್ಚರ್ ಯಂತ್ರ ಬಾಟಲಿಯಲ್ಲಿ ಬೆಳವಣಿಗೆ ಕಂಡ ಗಳಿಗೆಯನ್ನು ದಾಖಲಿಸಿ ಕೂಗುತ್ತದೆ. ಇವರ ಲೈನಿನ ಬಾಟಲಿ 9 ಗಂಟೆಗಳ ಬಳಿಕ, ಕೈಯ ಬಾಟಲಿ 12 ಗಂಟೆಗಳ ಬಳಿಕ ಕೂಗಿತು. ಲೈನಿನದು ಎರಡು ಗಂಟೆ ಅಥವಾ ಹೆಚ್ಚು ಮುಂಚೆ ಕೂಗಿದರೆ ರೋಗಾಣು ಅಲ್ಲೇ ದಟ್ಟವಾಗಿದೆ, ಮೂಲ ಅದೇ ಎಂದರ್ಥ. ಬೆಳೆದದ್ದು ಕ್ಲೆಬ್ಸಿಯೆಲ್ಲ ಎಂಬ ಬ್ಯಾಕ್ಟೀರಿಯಾ. ಪಾಶ್ಚಾತ್ಯ ಪುಸ್ತಕಗಳಲ್ಲಿ ಚರ್ಮದ ಸ್ಟ್ಯಾಫಿಲೋಕಾಕಸ್‌ಗೆ ಮೊದಲ ಮಣೆ; ನಮ್ಮ ದೇಶದ ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲ, ಅಸಿನೆಟೊಬ್ಯಾಕ್ಟರ್‌ಗಳದೇ ಪಾರುಪತ್ಯ, ಅವಕ್ಕೆ ಬಹುಪಾಲು ಔಷಧಿಗಳು ನಾಟುವುದಿಲ್ಲ. ಲೈನ್ ಕಿತ್ತೆವು, ನಾಟುವ ಔಷಧಿ ಕೊಟ್ಟೆವು, ಅವರು ಹನ್ನೊಂದು ದಿನ ಹೆಚ್ಚುವರಿಯಾಗಿ ಮಲಗಿದರು.

ಚರ್ಮದ ರೋಗಾಣುವಿನ ಬದಲು ಕ್ಲೆಬ್ಸಿಯೆಲ್ಲ ಬಂದಾಗ ಕೈಯನ್ನೂ ದ್ರಾವಣವನ್ನೂ ಶಂಕಿಸಬೇಕು. ಹುಡುಕಿದಾಗ ಸಿಕ್ಕಿದ್ದು ಟ್ರಾಲಿಯ ಮೇಲಿನ ನೂರು ಮಿಲಿಲೀಟರಿನ ಸಲೈನ್ ಬಾಟಲಿ. ರಬ್ಬರ್ ಮುಚ್ಚಳಕ್ಕೆ ಸೂಜಿಯೊಂದನ್ನು ಕಾಯಮ್ಮಾಗಿ ಚುಚ್ಚಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ಎಲ್ಲ ಹಾಸಿಗೆಗಳಿಗೂ ಅದರಿಂದಲೇ ಸಿರಿಂಜು ತುಂಬುತ್ತಿದ್ದೆವು. ನಾನೂ ತುಂಬಿದ್ದೇನೆ. ಈಗ ಹತ್ತು ಮಿಲಿಲೀಟರಿನ ಆಂಪ್ಯೂಲ್, ಒಬ್ಬ ರೋಗಿಗೆ, ಒಂದೇ ಸಲಕ್ಕೆ.

ಎಣಿಕೆ

ದಿನವೂ ಒಂದೇ ಹೊತ್ತಿಗೆ ಎಷ್ಟು ರೋಗಿಗಳಿಗೆ ಲೈನ್ ಇದೆ ಎಂದು ಎಣಿಸಿ ಬರೆಯಿರಿ. ತಿಂಗಳ ಮೊತ್ತ 160 ಲೈನ್‌ದಿನಗಳಾಗಿ, ಸೋಂಕು ಎರಡಾದರೆ, ಎರಡನ್ನು 160ರಿಂದ ಭಾಗಿಸಿ ಸಾವಿರದಿಂದ ಗುಣಿಸಿ: 12.5. ಚಿಕ್ಕ ಐಸಿಯುವಿನಲ್ಲಿ ಒಂದೇ ಸೋಂಕಿಗೂ ಈ ಸಂಖ್ಯೆ ಜಿಗಿಯುತ್ತದೆ, ಆದ್ದರಿಂದ ತಿಂಗಳಿಗಿಂತ ಆರು ತಿಂಗಳ ಲೆಕ್ಕ ನೋಡುವುದು ಲೇಸು. ಸೊನ್ನೆ ಬಂದರೆ ಸಿಹಿ ಹಂಚುವ ಮುಂಚೆ ಆ ತಿಂಗಳು ಲ್ಯಾಬಿಗೆ ಹೋದ ಕಲ್ಚರ್ ಬಾಟಲಿಗಳನ್ನೂ ಎಣಿಸಿ. ಕಳಿಸಿದ್ದೇ ಮೂರಾದರೆ ಆ ಸೊನ್ನೆಯನ್ನು ನಂಬಬೇಡಿ.

ನಮ್ಮ ಐಸಿಯುವಿನಲ್ಲಿ ಈಗ ಪ್ರತಿ ಮಂಚದ ತಲೆಯ ಬಳಿ ಬಿಳಿ ಹಲಗೆಯಿದೆ. ಅದರಲ್ಲಿ ಲೈನಿನ ವಯಸ್ಸು, ಕೆಳಗೆ ಒಂದು ಸಾಲು: ‘ಇವತ್ತು ಏಕೆ ಬೇಕು?’ ರೌಂಡ್ಸ್‌ನಲ್ಲಿ ಔಷಧಿಯ ಹೆಸರನ್ನೇ ಉತ್ತರವಾಗಿ ಬರೆಯಬೇಕು. ‘ಇರಲಿ’ ಎಂದು ಬರೆದಿದ್ದರೆ ಮಧ್ಯಾಹ್ನದೊಳಗೆ ಲೈನ್ ಹೊರಗೆ.