ಮೆಟ್ರೊನಿಡಜೋಲ್ ಮಾತ್ರೆಯ ಐದು ದಿನ: ಕುಡಿತದ ಹೆದರಿಕೆಯೂ ಬಾಯಿಯ ಕಿಲುಬೂ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಮದ್ದಿನ ಅಂಗಡಿಯಲ್ಲಿ ಮೆಟ್ರೊನಿಡಜೋಲ್ ಮಾತ್ರೆ ಹೋಗದ ದಿನವೇ ಇಲ್ಲ. ಹಲ್ಲಿನ ಕೀವಿಗೂ ಇದೇ, ಆಮಶಂಕೆಗೂ ಇದೇ, ಹೆರಿಗೆಯ ನಂತರದ ಸೋಂಕಿಗೂ ಇದೇ. ಫ್ಲಾಜಿಲ್, ಮೆಟ್ರೊಜಿಲ್ ಎಂದರೆ ಹೆಚ್ಚಿನವರಿಗೆ ಗುರುತು ಸಿಗುತ್ತದೆ. ಈ ಮಾತ್ರೆ ಕೊಡುವಾಗ "ಕುಡಿಯಬಾರದು" ಎಂದು ಹೇಳುವುದು ವಾಡಿಕೆ. ಹೇಳಿದ್ದನ್ನು ಜನ ಹೇಗೆ ಪಾಲಿಸುತ್ತಾರೆ ಎಂಬುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಅವರು ಕುಡಿಯುವುದನ್ನು ಬಿಡುವುದಿಲ್ಲ, ಮಾತ್ರೆಯನ್ನು ಬಿಡುತ್ತಾರೆ.

ಮೊದಲು, ಹೇಳಬೇಕಾದ್ದನ್ನು ಹೇಳಿ

ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದೀರಾ, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಇದೆಯಾ, ಲಿವರ್ ತೊಂದರೆ ಇದೆಯಾ, ಹಿಂದೆ ಫಿಟ್ಸ್ ಬಂದಿತ್ತಾ ಎಂಬುದನ್ನು ಡಾಕ್ಟರಿಗೆ ತಿಳಿಸಿ. ವಾರ್ಫರಿನ್ ಜೊತೆಗೆ ಈ ಮದ್ದು ಸೇರಿದರೆ ರಕ್ತಸ್ರಾವದ ಅಪಾಯ ನಿಜವಾಗಿಯೂ ಏರುತ್ತದೆ. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಕಳೆದ ಎರಡು ವಾರಗಳಲ್ಲಿ ತೆಗೆದುಕೊಂಡಿದ್ದರೆ ಅದನ್ನು ಮುಚ್ಚಿಡಲೇಬಾರದು. ಇವೆರಡೂ ಒಟ್ಟಾದರೆ ಮನುಷ್ಯನಿಗೆ ಬುದ್ಧಿಭ್ರಮೆಯೇ ಆದದ್ದುಂಟು. ಮನೆಯವರು ಗಂಡನಿಗೆ ಗೊತ್ತಾಗದ ಹಾಗೆ ಆ ಮಾತ್ರೆಯನ್ನು ಸಾರಿನಲ್ಲಿ ಹಾಕುತ್ತಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ.

ಎರಡನೆಯದು, ಎಣಿಸಿಕೊಳ್ಳಿ

400 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಮೂರು, ಐದು ದಿನ ಎಂದು ಬರೆದಿದ್ದರೆ ಹದಿನೈದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಚೀಟಿಯಲ್ಲಿ ಮಲಯಾಳ ಇದ್ದು, ತೆಗೆದುಕೊಳ್ಳುವವರು ಕನ್ನಡ ಮಾತ್ರ ಓದುವ ಹಿರಿಯರಾಗಿದ್ದರೆ, ಕವರಿನ ಮೇಲೆ ಕನ್ನಡದಲ್ಲಿ ಬರೆಸಿಕೊಂಡು ಹೋಗಿ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಮೂರನೆಯದು, ಕುಡಿತದ ವಿಷಯ

ಇಲ್ಲೇ ಎಲ್ಲ ಕೆಡುವುದು. ಒಬ್ಬರ ಕತೆ ಹೇಳುತ್ತೇನೆ. ಅಡಿಕೆ ಕೊಯ್ಯುವವರು, ನಲವತ್ತರ ಆಸುಪಾಸು. ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ಕೆನ್ನೆ ಊದಿತ್ತು. ದಂತವೈದ್ಯರು ಕೀವು ತೆಗೆದು, ಅಮಾಕ್ಸಿಸಿಲಿನ್ ಜೊತೆಗೆ ಈ ಹದಿನೈದು ಮಾತ್ರೆ ಬರೆದಿದ್ದರು. ಗುರುವಾರ ರಾತ್ರಿ ಶುರು. ಶನಿವಾರ ರಾತ್ರಿ ಅಕ್ಕನ ಮಗಳ ಮದರಂಗಿ. ಶನಿವಾರ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿದವರು ಮಧ್ಯಾಹ್ನದ್ದನ್ನು ಬಿಟ್ಟರು, ರಾತ್ರಿ ಎಂಟಕ್ಕೆ ಕುಡಿದರು. ರಾತ್ರಿಯ ಮಾತ್ರೆಯೂ ಹೋಯಿತು. ಭಾನುವಾರ ಮದುವೆ, "ಇನ್ನೂ ವಾಸನೆ ಉಂಟು" ಎಂದು ಆ ದಿನದ್ದೂ ಹೋಯಿತು. ಸೋಮವಾರ ಬೆಳಿಗ್ಗೆ ಅಂಗಡಿಯೆದುರು ನಿಂತಾಗ ಕೆನ್ನೆ ಮತ್ತೆ ನಿಂಬೆಹಣ್ಣಿನಷ್ಟು.

"ಅಲ್ಲ ಅಣ್ಣಾ, ಮದ್ದು ಯಾಕೆ ಬಿಟ್ಟದ್ದು?" ಎಂದೆ.

"ನೀವೇ ಹೇಳಿದ್ದಲ್ವಾ, ಕುಡಿದು ಮಾತ್ರೆ ತಿಂದರೆ ಸಾಯ್ತಾರೆ ಅಂತ."

ನಾನು ಹಾಗೆ ಹೇಳಿರಲಿಲ್ಲ. ಆದರೆ ಅವರಿಗೆ ಕೇಳಿಸಿದ್ದು ಹಾಗೆ.

ಲೆಕ್ಕ ಹಾಕಿ ನೋಡಿ. ಈ ಮದ್ದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎಂಟು ಗಂಟೆ ಬೇಕು. ಕೊನೆಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದಾಗ ಅವರು ಗ್ಲಾಸು ಹಿಡಿದರು. ಆಗಲೂ ಮೂರರಲ್ಲೊಂದು ಪಾಲು ಮದ್ದು ಒಳಗೇ ಇತ್ತು. ಮಧ್ಯಾಹ್ನದ ಒಂದು ಮಾತ್ರೆ ಬಿಟ್ಟದ್ದರಿಂದ ಮದ್ದೂ ಮದ್ಯವೂ ಸೇರುವುದೇನೂ ತಪ್ಪಲಿಲ್ಲ. ಅತ್ತ ಭಾನುವಾರ ರಾತ್ರಿಯ ಹೊತ್ತಿಗೆ ಇಪ್ಪತ್ತರಲ್ಲಿ ಒಂದು ಪಾಲಷ್ಟೇ ಉಳಿದು, ಕೀವಿನ ಕ್ರಿಮಿಗಳಿಗೆ ಆರಾಮವಾಯಿತು. ಹೆದರಿದ್ದು ಆಗಲಿಲ್ಲ, ಹೆದರದೆ ಇದ್ದದ್ದು ಆಯಿತು. ದಂತವೈದ್ಯರು ಮತ್ತೊಮ್ಮೆ ಕೊಯ್ದು ಕೀವು ತೆಗೆಯಬೇಕಾಯಿತು.

ಹಾಗಾದರೆ ಎರಡೂ ಸೇರಿದರೆ ಏನಾಗುತ್ತದೆ? ಪುಸ್ತಕಗಳು ಹೇಳುತ್ತಾ ಬಂದದ್ದು ಹೀಗೆ: ಮದ್ಯ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಆಮೇಲೆ ನಿರುಪದ್ರವಿ ವಸ್ತುವಾಗಿ ಬದಲಾಗುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಹೆಜ್ಜೆಗೆ ಅಡ್ಡ ನಿಲ್ಲುತ್ತದೆ. ವಿಷ ಕೂಡಿಬಿದ್ದು ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿಯಾಗಿ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಮೆಟ್ರೊನಿಡಜೋಲ್ ಕೂಡ ಇದನ್ನೇ ಮಾಡುತ್ತದೆ ಎಂದು ನಂಬಲಾಗಿತ್ತು. ಈ ಮದ್ದು ಕುಡಿತದ ಆಸೆ ಕಡಿಮೆ ಮಾಡುತ್ತದೆ ಎಂಬ ವರದಿಯೊಂದು 1964ರಲ್ಲಿ ಬಂದಿತ್ತು. ಅಲ್ಲಿಂದ ಆ ನಂಬಿಕೆ ಬಲವಾಯಿತು.

2002ರಲ್ಲಿ ಫಿನ್ಲೆಂಡಿನವರು ಇದನ್ನು ನೇರವಾಗಿ ಪರೀಕ್ಷಿಸಿದರು. ಆರೋಗ್ಯವಂತ ಹನ್ನೆರಡು ಗಂಡಸರಲ್ಲಿ ಆರು ಮಂದಿಗೆ ಐದು ದಿನ ಈ ಮದ್ದು, ಉಳಿದವರಿಗೆ ಸುಳ್ಳು ಮಾತ್ರೆ. ಆಮೇಲೆ ತೂಕಕ್ಕೆ ತಕ್ಕಷ್ಟು ಮದ್ಯ. ಅರುವತ್ತು ಕಿಲೋ ತೂಕದವರಿಗೆ ಲೆಕ್ಕ ಹಾಕಿದರೆ ಅದು ಸುಮಾರು ಎಪ್ಪತ್ತೈದು ಮಿಲಿಲೀಟರ್ ವಿಸ್ಕಿ. ರಕ್ತದಲ್ಲಿ ಅಸಿಟಾಲ್ಡಿಹೈಡ್ ಏರಲಿಲ್ಲ, ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಹನ್ನೆರಡು ಮಂದಿ ಎಂದರೆ ಸಣ್ಣ ಪರೀಕ್ಷೆಯೇ, ಅವರೆಲ್ಲ ಗಟ್ಟಿಮುಟ್ಟಾಗಿದ್ದವರು ಕೂಡ. ಆದರೆ ಅದರ ಎದುರು ಪಕ್ಷದಲ್ಲಿರುವುದು ಅಲ್ಲೊಂದು ಇಲ್ಲೊಂದು ರೋಗಿಯ ವರದಿ ಮಾತ್ರ. ಮದ್ದು ತಾನಾಗಿಯೇ ವಾಕರಿಕೆ, ತಲೆನೋವು ತರುತ್ತದೆ. ಮದ್ಯವೂ ತರುತ್ತದೆ. ಹಾಗಾಗಿ ಆ ವರದಿಗಳಲ್ಲಿ ಯಾವುದು ಯಾರ ತಪ್ಪೆಂದು ಬಿಡಿಸಿ ಹೇಳುವುದು ಕಷ್ಟ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2021ರ ಲೈಂಗಿಕ ಸೋಂಕುಗಳ ಮಾರ್ಗಸೂಚಿಯಲ್ಲಿ, ಈ ಮದ್ದು ತೆಗೆದುಕೊಳ್ಳುವಾಗ ಮದ್ಯ ಬಿಡಬೇಕೆಂಬ ಅಗತ್ಯವಿಲ್ಲ ಎಂದೇ ಬರೆಯಿತು. ಮದ್ದಿನ ಜೊತೆಗೆ ಬರುವ ಕಾಗದದಲ್ಲಿ ಮಾತ್ರ ಹಳೆಯ ಎಚ್ಚರಿಕೆ ಹಾಗೆಯೇ ಉಳಿದಿದೆ: ಮುಗಿದ ಮೇಲೂ ಎರಡು ದಿನ, ಕೆಲವು ಕಡೆ ಮೂರು ದಿನ ಬೇಡ ಎಂದು.

ನನ್ನ ಸಲಹೆ ಇದು. ಆ ಐದು ದಿನ, ಮತ್ತೆರಡು ದಿನ ಗಡಂಗಿನ ಕಡೆ ಹೋಗಬೇಡಿ. ಬೇಧಿಯಾಗಿ ನೀರು ಕಳಕೊಂಡವರಿಗೆ, ಲಿವರಿನಲ್ಲಿ ಆಮಶಂಕೆಯ ಕೀವು ಕಟ್ಟಿದವರಿಗೆ ಮದ್ಯ ತಾನೇ ಕೆಡುಕು, ಮದ್ದಿನ ಮಾತು ಆಮೇಲೆ. ಆದರೆ ಕುಡಿದೇಬಿಟ್ಟಿರಿ ಎನ್ನಿ. ಮುಂದಿನ ಮಾತ್ರೆಯನ್ನು ಅದರ ಹೊತ್ತಿಗೇ ತೆಗೆದುಕೊಳ್ಳಿ, ಕುಡಿಯುವುದನ್ನು ಅಲ್ಲಿಗೇ ನಿಲ್ಲಿಸಿ, ನೀರು ಕುಡಿಯಿರಿ. ಮುಖ ಬೆಚ್ಚಗಾಗಿ ಒಂದಿಷ್ಟು ವಾಕರಿಕೆ ಬಂದರೆ ಅದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ವಾಂತಿ ನಿಲ್ಲದಿದ್ದರೆ, ಎದೆನೋವು, ಉಸಿರಾಟದ ಕಷ್ಟ, ತಲೆ ತಿರುಗಿ ಬೀಳುವುದು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅದು ಮದ್ದಿನಿಂದಲೋ ಬೇರೆಯದರಿಂದಲೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯವಲ್ಲ.

ನನಗೆ ಹೆಚ್ಚು ಹೆದರಿಕೆಯಾಗುವುದು ದಿನವೂ ತುಂಬ ಕುಡಿಯುವವರನ್ನು ಕಂಡಾಗ. ಮದ್ದಿಗೆ ಹೆದರಿ ಅವರು ಒಂದೇ ಏಟಿಗೆ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗಿ ಬೆವರುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಾಣತೊಡಗಬಹುದು. ಇದು ಜೀವಕ್ಕೆ ಬರುವ ಅಪಾಯ. ಮನೆಯವರು ಅದನ್ನು ಮದ್ದಿನ ರಿಯಾಕ್ಷನ್ ಎಂದುಕೊಂಡು ಮಾತ್ರೆ ನಿಲ್ಲಿಸುತ್ತಾರೆ. ಎಚ್ಚರವಾದ ಕೂಡಲೇ ಕುಡಿಯಬೇಕಾಗುವವರು ಈ ಮಾತ್ರೆ ಬರೆಯುವಾಗಲೇ ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಬಾಣಂತಿಯರ ವಿಷಯ ಒಂದು ಮಾತು. ನಮ್ಮಲ್ಲಿ ಹೆರಿಗೆಯಾದ ಮೇಲೆ ದಶಮೂಲಾರಿಷ್ಟ ಕೊಡುತ್ತಾರೆ. ಅರಿಷ್ಟಗಳಲ್ಲಿ ಹುದುಗಿ ಹುಟ್ಟಿದ ಮದ್ಯ ಇದ್ದೇ ಇರುತ್ತದೆ, ಬಾಟಲಿಯ ಮೇಲೆ ಬರೆದಿರುತ್ತದೆ. ನೂರಕ್ಕೆ ಎಂಟರಷ್ಟಿದ್ದರೂ ಇಪ್ಪತ್ತು ಮಿಲಿಲೀಟರಿನಲ್ಲಿ ಎರಡು ಮಿಲಿಲೀಟರಿಗಿಂತ ಕಡಿಮೆ. ತಿಳಿಯದೆ ಒಂದೆರಡು ಹೊತ್ತು ಕೊಟ್ಟಿದ್ದರೆ ಗಾಬರಿ ಬೇಡ. ಆದರೂ ಅದನ್ನು ಒಂದು ವಾರ ಮುಂದೆ ಹಾಕಿ, ಮಾತ್ರೆಯನ್ನು ಮುಂದೆ ಹಾಕಬೇಡಿ.

ನಾಲ್ಕನೆಯದು, ಬಾಯಿಯ ಕಿಲುಬು

ಹಳೆಯ ತಾಮ್ರದ ಚೆಂಬನ್ನು ನೆಕ್ಕಿದ ಹಾಗೆ ಎನ್ನುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಮಾತ್ರೆ ನಾಲಿಗೆಗೆ ತಾಗಿದ್ದರಿಂದ ಮಾತ್ರ ಹೀಗಾಗುವುದಲ್ಲ. ರಕ್ತಕ್ಕೆ ಸೇರಿದ ಮದ್ದು ಎಂಜಲಿನಲ್ಲಿ ಹೊರಬರುತ್ತದೆ. ಅದಕ್ಕೇ ಹಲ್ಲುಜ್ಜಿ ಬಂದರೂ ಹತ್ತು ನಿಮಿಷಕ್ಕೆ ಕಿಲುಬು ಮರಳುತ್ತದೆ. ಪೂರ್ತಿ ಹೋಗಿಸಲು ಆಗುವುದಿಲ್ಲ, ಅರ್ಧದಷ್ಟು ತಗ್ಗಿಸಬಹುದು.

ಮಾತ್ರೆಯನ್ನು ತುಂಡು ಮಾಡಬೇಡಿ, ಪುಡಿ ಮಾಡಬೇಡಿ. ಮೇಲಿನ ನಯವಾದ ಪೊರೆ ಕಹಿಯನ್ನು ಮುಚ್ಚಲಿಕ್ಕೇ ಇರುವುದು. 400ರ ಮಾತ್ರೆ ಗಂಟಲಿಗೆ ದೊಡ್ಡದಾದರೆ 200ರ ಎರಡು ಕೊಡಬಹುದೋ ಕೇಳಿ. ಪೊರೆಯಿಲ್ಲದ, ಬೆರಳಿಗೆ ಪುಡಿ ಹತ್ತುವ ಅಗ್ಗದ ಮಾತ್ರೆ ಸಿಕ್ಕಿದರೆ ಬೇರೆಯದನ್ನು ಕೇಳಿ ಪಡೆಯಿರಿ.

ಊಟದ ನಡುವೆ ನುಂಗಿ. ಕುಚ್ಚಲಕ್ಕಿ ಗಂಜಿ ನಾಲ್ಕು ತುತ್ತು ಉಂಡು, ಮಾತ್ರೆಯನ್ನು ನಾಲಿಗೆಯ ಹಿಂಬದಿಗಿಟ್ಟು, ದೊಡ್ಡ ಲೋಟ ನೀರು ಒಂದೇ ದಮ್ಮಿಗೆ ಕುಡಿದು, ಕೂಡಲೇ ಮತ್ತೊಂದು ತುತ್ತು ಗಂಜಿ. ಹೊಟ್ಟೆ ತೊಳಸುವುದೂ ಇದರಿಂದ ಕಡಿಮೆ.

ಊಟಕ್ಕೆ ಮೊದಲು ಬಾಯಿ ಮುಕ್ಕಳಿಸಿ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು. ಉಗುಳಬೇಕು, ನುಂಗಬಾರದು. ಹಲ್ಲು ಕೀಳಿಸಿಕೊಂಡವರು ಮೊದಲ ಇಪ್ಪತ್ನಾಲ್ಕು ಗಂಟೆ ಮುಕ್ಕಳಿಸಲೇಬಾರದು, ಗಾಯದ ಹೆಪ್ಪು ಕಿತ್ತುಹೋಗುತ್ತದೆ. ಉರಿಯುವ ಮೌತ್‌ವಾಶ್‌ಗಳನ್ನು ಕೊಳ್ಳಬೇಡಿ. ಹಲವುಗಳಲ್ಲಿ ಮದ್ಯವೇ ಇದೆ, ಬಾಯಿ ಒಣಗಿ ಕಿಲುಬು ಹೆಚ್ಚಾಗುತ್ತದೆ.

ಎಂಜಲು ಹೆಚ್ಚು ಊರಿದಷ್ಟೂ ರುಚಿ ತೆಳುವಾಗುತ್ತದೆ. ಅದಕ್ಕೆ ಹುಳಿ ಬೇಕು. ನನ್ನ ಮಟ್ಟಿಗೆ ಪುನರ್ಪುಳಿ ಸಾರಿನಷ್ಟು ಒಳ್ಳೆಯದು ಬೇರಿಲ್ಲ, ತಣ್ಣಗೆ ಮಾಡಿ ಗುಟುಕು ಗುಟುಕಾಗಿ. ನೆಲ್ಲಿಕಾಯಿ ಚೂರಾದರೂ ಆದೀತು. ಬಾಯಿಹುಣ್ಣು, ಹುಳಿತೇಗು ಇರುವವರು ಹುಳಿ ಬಿಟ್ಟು ಏಲಕ್ಕಿ ಜಗಿಯಲಿ. ಬಿಸಿ ಬಿಸಿ ಊಟದಲ್ಲಿ ಕಿಲುಬು ಎದ್ದು ಕಾಣುತ್ತದೆ, ತಣ್ಣಗಿನ ಮೊಸರನ್ನದಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಸ್ಟೀಲಿನ ಚಮಚ ಬಿಟ್ಟು ಕೈಯಲ್ಲೇ ಉಣ್ಣಿ.

ಮಕ್ಕಳ ಸಿರಪ್ಪಿಗೆ ಈ ಕ್ರಮ ತಲೆಕೆಳಗು. ಅದರಲ್ಲಿರುವುದು ಬೆಂಜೊಯೇಟ್ ರೂಪ. ಕಹಿ ಕಡಿಮೆ, ಆದರೆ ಊಟಕ್ಕೆ ಒಂದು ಗಂಟೆ ಮೊದಲೇ ಕೊಡಬೇಕು. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಅದರ ಜೊತೆಗೆ ಬಂದ ಅಳತೆ ಮುಚ್ಚಳದಲ್ಲೇ ಅಳೆಯಿರಿ.

ಕೊನೆಗೆ

ಒಂದು ಹೊತ್ತು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನದರ ಹೊತ್ತೇ ಬಂದಿದ್ದರೆ ಅದೊಂದೇ ಸಾಕು, ಎರಡು ಒಟ್ಟಿಗೆ ಬೇಡ. ಮೂತ್ರ ಕೆಂಪುಕಂದಾದರೆ ಅದು ಮದ್ದಿನ ಬಣ್ಣ. ಕೈಕಾಲು ಜೋಮು ಹಿಡಿದು ಚುಚ್ಚತೊಡಗಿದರೆ ಡಾಕ್ಟರಿಗೆ ತಿಳಿಸಲೇಬೇಕು. ಕಿಲುಬು ಮಾತ್ರೆ ಮುಗಿದ ಕೆಲವೇ ದಿನಗಳಲ್ಲಿ ಹೋಗುತ್ತದೆ. ಹೋಗದೆ, ನಾಲಿಗೆಯ ಮೇಲೆ ಒರೆಸಿದರೆ ಏಳುವ ಬಿಳಿ ಪದರ ಕಂಡರೆ ಅದು ಬೂಸು; ಅದಕ್ಕೆ ಬೇರೆಯೇ ಮದ್ದಿದೆ.