ನಂಬರ್ ಹೋಯಿತು, ಹಾಡಿನ ಖಾತೆ ಉಳಿಸಿಕೊಳ್ಳುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಭಾಗದ ಎಷ್ಟೋ ಮನೆಗಳಲ್ಲಿ ಈಗ ಫೈಬರ್ ವೈಫೈ ಇದೆ. ಮೊಬೈಲ್ ಸಿಗ್ನಲ್ ಮಾತ್ರ ಗುಡ್ಡ ಹತ್ತಿದರೇ ಸಿಗುವುದು. ಹಾಡು, ವಾಟ್ಸ್ಆ್ಯಪ್ ಎಲ್ಲ ವೈಫೈನಲ್ಲೇ ನಡೆಯುವಾಗ ಸಿಮ್‌ಗೆ ರೀಚಾರ್ಜ್ ಮಾಡುವುದು ಮರೆತುಹೋಗುತ್ತದೆ, ತಿಂಗಳುಗಟ್ಟಲೆ ಬಳಸದ ಪ್ರಿಪೇಯ್ಡ್ ನಂಬರ್ ರದ್ದಾಗುತ್ತದೆ. ಇದು ಗೊತ್ತಾಗುವುದು ಹೊಸ ಫೋನಿನಲ್ಲಿ ಯೂಟ್ಯೂಬ್ ಮ್ಯೂಸಿಕ್‌ಗೆ ಲಾಗಿನ್ ಆಗಲು ಹೋದಾಗ. ಪಾಸ್‌ವರ್ಡ್ ಸರಿಯಿರುತ್ತದೆ, ಕೋಡ್ ಮಾತ್ರ ಸತ್ತ ನಂಬರಿಗೆ ಹೋಗುತ್ತಿರುತ್ತದೆ.

ಹೊಸ ಖಾತೆ ತೆರೆದರಾಯಿತು ಎಂದು ಕೈಬಿಡಬೇಡಿ. ಚಂದಾ ಮತ್ತೆ ಕಟ್ಟಬಹುದು. ಆದರೆ ಹಳೆಯ ತಾಳಮದ್ದಲೆ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ ನೀವೇ ಅಪ್‌ಲೋಡ್ ಮಾಡಿದ್ದರೆ, ಅವು ಆ ಒಂದು ಖಾತೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ.

ಯೂಟ್ಯೂಬ್ ಮ್ಯೂಸಿಕ್‌ಗೆ ಬೇರೆ ಬಾಗಿಲಿಲ್ಲ, ಗೂಗಲ್ ಖಾತೆಯೇ ಬಾಗಿಲು. ಎರಡು ಹಂತದ ಲಾಗಿನ್ ಎಂದರೆ ಆ ಬಾಗಿಲಿಗೆ ಎರಡು ಬೀಗ. ಒಂದು ನಿಮಗೆ ಗೊತ್ತಿರುವ ಪಾಸ್‌ವರ್ಡ್, ಇನ್ನೊಂದು ನಿಮ್ಮ ಕೈಯಲ್ಲಿರುವ ವಸ್ತು. ಎಸ್‌ಎಂಎಸ್ ಕೋಡ್‌ನ ತೊಂದರೆ ಇಲ್ಲೇ ಇದೆ: ಅದು ಹೋಗುವುದು ಸಿಮ್‌ಗೆ. ಆ ಸಿಮ್ ಯಾರ ಕೈಯಲ್ಲಿದೆ ಎಂಬುದು ಗೂಗಲ್‌ಗೆ ಗೊತ್ತಾಗುವುದಿಲ್ಲ. ರದ್ದಾದ ನಂಬರ್ ಕೆಲಕಾಲದ ಮೇಲೆ ಬೇರೊಬ್ಬರ ಪಾಲಾಗುತ್ತದೆ.

ಮೊದಲು ನೋಡಬೇಕಾದದ್ದು, ನಂಬರ್ ಇನ್ನೂ ನಿಮ್ಮದೇ ಹೌದೇ ಎಂದು. ಫೋನ್ ಕಳೆದು ನಂಬರ್ ಚಾಲ್ತಿಯಲ್ಲಿದ್ದರೆ ಕಂಪನಿಯ ಅಂಗಡಿಯಲ್ಲಿ ಡೂಪ್ಲಿಕೇಟ್ ಸಿಮ್ ಸಿಗುತ್ತದೆ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಆಧಾರ್ ಹಿಡಿದು ಹೋಗಬೇಕು. ಬೆಂಗಳೂರಿನಲ್ಲಿರುವ ಮಗನ ಹೆಸರಿನಲ್ಲಿದ್ದರೆ ಅಪ್ಪ ಹೋಗಿ ಪ್ರಯೋಜನವಿಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಇದು ವಂಚನೆ ತಡೆಯುವ ನಿಯಮ. ಕೋಡ್ ಬರಲಿಲ್ಲವೆಂದು ಅಷ್ಟರಲ್ಲಿ ಮತ್ತೆ ಮತ್ತೆ ಒತ್ತುತ್ತಿದ್ದರೆ ಗೂಗಲ್ ಸ್ವಲ್ಪ ಹೊತ್ತು ಲಾಗಿನ್ ಅನ್ನೇ ತಡೆಯುತ್ತದೆ.

ನಂಬರ್ ಪೂರ್ತಿ ಹೋಗಿದ್ದರೆ ಖಾತೆ ಇನ್ನೂ ತೆರೆದಿರುವ ಸಾಧನ ಹುಡುಕಿ: ಮನೆಯ ಕಂಪ್ಯೂಟರ್, ಹಳೆಯ ಟ್ಯಾಬ್, ಪರದೆ ಒಡೆದು ಮೂಲೆಯಲ್ಲಿ ಬಿದ್ದ ಫೋನ್. ಸಿಕ್ಕರೆ ಅದರಲ್ಲಿ ಲಾಗ್ ಔಟ್ ಮಾತ್ರ ಮಾಡಬೇಡಿ. ಆ ಫೋನ್ ವೈಫೈನಲ್ಲಿದ್ದರೆ ಸಾಕು, ಹೊಸ ಫೋನಿನಲ್ಲಿ Try another way ಒತ್ತಿದಾಗ ಹಳೆಯದರ ಮೇಲೆ ‘ಇದು ನೀವೇನಾ’ ಎಂದು ಕೇಳುವ ಸೂಚನೆ ಬರಬಹುದು. Yes ಒತ್ತಿದರೆ ಒಳಗೆ ಬಂದಂತೆ.

ಸಿದ್ದಾಪುರದ ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ನಂಬರ್ ರದ್ದಾಗಿದೆ, ಹಳೆಯ ಫೋನೂ ಇಲ್ಲ, ಜಗಲಿಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಮಾತ್ರ ಖಾತೆ ತೆರೆದಿದೆ. ಅಲ್ಲಿ myaccount.google.com ತೆರೆದು, Security ವಿಭಾಗದಲ್ಲಿ 2-Step Verification ಒತ್ತಬೇಕು. ಪಾಸ್‌ವರ್ಡ್ ಕೇಳುತ್ತದೆ. ಹಿಂದೆ ಈ ಕಂಪ್ಯೂಟರಿನಲ್ಲಿ Don't ask again ಗುರುತು ಹಾಕಿದ್ದರೆ ಸಾಮಾನ್ಯವಾಗಿ ಕೋಡ್ ಕೇಳದು. ಹೊಸ ನಂಬರ್ ಸೇರಿಸಿ, ಅದಕ್ಕೆ ಕೋಡ್ ಬಂದು ಖಚಿತವಾದ ಮೇಲೆಯೇ ಹಳೆಯದನ್ನು ಅಳಿಸಿ. ಹೆಚ್ಚಿನವರು ಎಡವುವುದು ಇದರ ಮುಂದೆ: ಖಾತೆ ಮರಳಿ ಪಡೆಯಲು ಕೊಟ್ಟ ನಂಬರ್ Recovery phone ಎಂಬ ಬೇರೆ ಜಾಗದಲ್ಲಿರುತ್ತದೆ. ಅದನ್ನೂ ಬದಲಿಸಲೇಬೇಕು. ಬದಲಿಸಿದ ಮೇಲೂ 7 ದಿನ ಹಳೆಯ ನಂಬರಿಗೆ ಕೋಡ್ ಕಳಿಸುವ ಆಯ್ಕೆಯನ್ನು ಗೂಗಲ್ ತೋರಿಸಬಹುದು. ಬದಲಾಗಲಿಲ್ಲವೆಂದು ಗಾಬರಿಯಾಗಬೇಡಿ.

ಎಲ್ಲೂ ಖಾತೆ ತೆರೆದಿಲ್ಲವೆಂದರೆ ಉಳಿದ ದಾರಿ g.co/recover. ಇದನ್ನು ಪೇಟೆಯ ಸೈಬರ್ ಸೆಂಟರಿನಲ್ಲಿ ಮಾಡಬೇಡಿ. ಕೇಳುತ್ತಿರುವವರು ನೀವೇ ಹೌದೇ ಎಂದು ತಿಳಿಯಲು ಗೂಗಲ್ ಪರಿಚಿತ ಸಾಧನ, ಬ್ರೌಸರ್, ಜಾಗ ನೋಡುತ್ತದೆ. ಹಿಂದೆ ಲಾಗಿನ್ ಆಗುತ್ತಿದ್ದ ಕಂಪ್ಯೂಟರಿನಿಂದ, ಮನೆಯ ವೈಫೈನಲ್ಲೇ ಪ್ರಯತ್ನಿಸಿ. ಹಳೆಯ ಪಾಸ್‌ವರ್ಡ್ ಕೇಳಿದರೆ ನೆನಪಿರುವುದರಲ್ಲಿ ಇತ್ತೀಚಿನದನ್ನು ಕೊಡಿ. ಪರಿಶೀಲನೆಗೆ 3ರಿಂದ 5 ಕೆಲಸದ ದಿನ ಹಿಡಿಯಬಹುದು.

ಖಾತೆ ಕೈಗೆ ಬಂದ ದಿನವೇ ಎಸ್‌ಎಂಎಸ್ ಅವಲಂಬನೆ ತಪ್ಪಿಸಿ. ಅಥೆಂಟಿಕೇಟರ್ ಆ್ಯಪ್ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವಾಗ ಒಂದು ಗುಪ್ತ ಕೀಲಿ ಪಡೆದು, ಅದನ್ನೂ ಗಡಿಯಾರವನ್ನೂ ಸೇರಿಸಿ 30 ಸೆಕೆಂಡಿಗೊಂದು 6 ಅಂಕಿಯ ಕೋಡ್ ಲೆಕ್ಕ ಹಾಕುತ್ತದೆ. ಸಿಗ್ನಲ್ಲೂ ಬೇಡ, ಇಂಟರ್ನೆಟ್ಟೂ ಬೇಡ. ಕೋಡ್ ತಪ್ಪು ಎಂದು ಪದೇ ಪದೇ ಬಂದರೆ ಫೋನಿನ ಸಮಯ ಹಿಂದೆಮುಂದಾಗಿರುತ್ತದೆ. ತಾನಾಗಿ ಸಮಯ ಹೊಂದಿಸಿಕೊಳ್ಳುವ ಆಯ್ಕೆ ಹಾಕಿ. ಆದರೆ ಫೋನ್ ಕಳೆದರೆ ಆ್ಯಪ್ ಕೂಡ ಹೋಗುತ್ತದೆ. ಗೂಗಲ್ ಅಥೆಂಟಿಕೇಟರ್‌ನ ಕೀಲಿಗಳು ಅದೇ ಗೂಗಲ್ ಖಾತೆಯಲ್ಲಿ ಉಳಿದಿದ್ದರೂ ಖಾತೆಯೊಳಗೆ ಹೋಗಲಾಗದವರಿಗೆ ಅವು ಸಿಗುವುದಿಲ್ಲ.

ಅದಕ್ಕೇ Backup codes ಬೇಕು. ಒಂದು ಸಲಕ್ಕೆ 10 ಕೋಡ್, ಒಂದೊಂದು 8 ಅಂಕಿ, ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಹೊಸ ಪಟ್ಟಿ ತೆಗೆದರೆ ಹಳೆಯದೆಲ್ಲ ರದ್ದು. ಕಾಗದದಲ್ಲಿ ಬರೆದು, ಮಳೆಗಾಲದ ತೇವ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಜಮೀನಿನ ಪತ್ರಗಳ ಜೊತೆ ಇಡಿ. ಅದಕ್ಕೂ ಮೊದಲು ಕ್ರೋಮ್‌ನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಒಂದು ಕೋಡ್ ಹಾಕಿ ಲಾಗಿನ್ ಆಗಿ ನೋಡಿ, ಬಳಸಿದ ಆ ಕೋಡನ್ನು ಪೆನ್ನಿನಿಂದ ಹೊಡೆದುಹಾಕಿ.