ಅಮ್ಮನ ಇನ್ಸುಲಿನ್, ಹೊಸ ಫ್ರಿಜ್ ಮತ್ತು ಕಲಂ 16

ನಾನು ಮಂಗಳೂರಿನ ಕೋರ್ಟಿನಲ್ಲಿ ವಕೀಲೆ. ಸರಕು ಮಾರಾಟ ಕಾಯ್ದೆಯನ್ನು ಕಾಲೇಜಿನಲ್ಲಿ ಓದಿದ್ದೆ, ಕಕ್ಷಿದಾರರಿಗಾಗಿ ಒಂದೆರಡು ಸಲ ಬಳಸಿಯೂ ಇದ್ದೆ. ಆದರೆ ಅದರ ಹದಿನಾರನೇ ಕಲಂ ಎಷ್ಟು ಗಟ್ಟಿ ಅಂತ ತಿಳಿದದ್ದು ಕುಲಶೇಖರದ ನಮ್ಮ ಮನೆಗೆ ಹೊಸ ಫ್ರಿಜ್ ತಂದ ಮೇಲೆ.

ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಬಿಸಿಯಾದರೆ ನಿಧಾನಕ್ಕೆ ಕೆಡುತ್ತದೆ. ಒಮ್ಮೆ ಹೆಪ್ಪುಗಟ್ಟಿದರಂತೂ ಕರಗಿದ ಮೇಲೂ ಬಳಸುವ ಹಾಗಿಲ್ಲ, ಎಸೆಯಬೇಕು. ಹಳೆಯ ಫ್ರಿಜ್ ಕೈಕೊಟ್ಟಾಗ ಏಪ್ರಿಲ್ ಸೆಕೆ. ಕಾಯುವ ಹಾಗಿರಲಿಲ್ಲ.

ಅಂಗಡಿಗೆ ಹೋಗುವ ಹಿಂದಿನ ದಿನ ಅಲ್ಲಿನ ಸೇಲ್ಸ್‌ಮನ್‌ಗೆ ವಾಟ್ಸಾಪ್ ಮಾಡಿದ್ದೆ: "ಅಮ್ಮನ ಇನ್ಸುಲಿನ್ ಇಡಲು ಫ್ರಿಜ್ ಬೇಕು. 2ರಿಂದ 8 ಡಿಗ್ರಿ ಒಳಗೆ ನಿಲ್ಲಬೇಕು. ಎರಡು ಬಾಗಿಲಿನದ್ದು ನೋಡಿದ್ದೇನೆ, ಯಾವುದು ಆಗಬಹುದು?" ಅಂಗಡಿಯಲ್ಲಿ ಅವರು ನನ್ನನ್ನು ಸೀದಾ ಒಂದು ಬಾಗಿಲಿನ ಫ್ರಿಜ್ ಹತ್ತಿರ ಕರೆದುಕೊಂಡು ಹೋದರು. "ಇದೇ ಸಾಕು ಮೇಡಂ, ಸುಮ್ನೆ ಯಾಕೆ ಜಾಸ್ತಿ ಕೊಡ್ತೀರಿ? ಮೇಲಿನ ಶೆಲ್ಫಲ್ಲಿ ಇಡಿ, ಎಂತ ತೊಂದರೆ ಇಲ್ಲ" ಎಂದರು. ನಂಬಿದೆ. ಬೆಲೆ 16,800 ರೂಪಾಯಿ. ಬಿಲ್ಲಿನಲ್ಲಿ ಕಂಪನಿ ಹೆಸರು, ಮಾಡೆಲ್ ನಂಬರ್ ಮಾತ್ರ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ".

ಫ್ರಿಜ್ ಮನೆಗೆ ಬಂದ ನಾಲ್ಕನೇ ದಿನ ಬೆಳಿಗ್ಗೆ ಅಮ್ಮ ಕರೆದರು, "ಇದೆಂತ ಮಗಾ, ಇದರೊಳಗೆ ಮಂಜುಗಡ್ಡೆ ಆಗಿದೆಯಲ್ಲ." ಮೇಲಿನ ಶೆಲ್ಫಿನಲ್ಲಿದ್ದ ಎರಡು ಬಾಟಲಿಯೂ ಹೆಪ್ಪುಗಟ್ಟಿದ್ದವು. ಉಳಿದ ಒಂದನ್ನು ಪಕ್ಕದ ಮನೆಯವರ ಫ್ರಿಜ್‌ನಲ್ಲಿಟ್ಟೆ. ಔಷಧಿ ಅಂಗಡಿಯಿಂದ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ತಂದೆ. ಅದರ ತುದಿಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ನಡುವಿನ ಶೆಲ್ಫಿನಲ್ಲಿಟ್ಟೆ. ಬರೀ ಗಾಳಿಯಲ್ಲಿಟ್ಟರೆ ಬಾಗಿಲು ತೆರೆದಾಗೆಲ್ಲ ಅಂಕಿ ಕುಣಿಯುತ್ತದೆ. ನೀರಿನದ್ದು ನಿಧಾನ, ಬಾಟಲಿಯೊಳಗಿನ ಔಷಧಿಗೆ ಹತ್ತಿರದ ಲೆಕ್ಕ. ದಿನಕ್ಕೆ ನಾಲ್ಕು ಸಲ, ಹತ್ತು ದಿನ ಬರೆದೆ. ಪ್ರತಿ ಸಲವೂ ಫೋನಿನಲ್ಲಿ ಫೋಟೋ. ಬೆಳಗಿನ ಐದು ಗಂಟೆಗೆ 1 ಡಿಗ್ರಿ. ಮಧ್ಯಾಹ್ನ ಅಡುಗೆ ಹೊತ್ತಿಗೆ 10, ಕೆಲವು ದಿನ 11. ಥರ್ಮೋಸ್ಟಾಟ್ ಗುಂಡಿಯನ್ನು ಯಾವ ನಂಬರಿಗೆ ತಿರುಗಿಸಿದರೂ ಒಂದು ತುದಿ ಸರಿಯಾದರೆ ಇನ್ನೊಂದು ತುದಿ ತಪ್ಪುತ್ತಿತ್ತು.

ಕಂಪನಿಯ ಟೆಕ್ನಿಷಿಯನ್ ಎರಡು ಸಲ ಬಂದರು. ಮೊದಲ ಸಲ ಥರ್ಮೋಸ್ಟಾಟ್ ಬದಲಾಯಿಸಿದರು. ಎರಡನೇ ಸಲ ಎಲ್ಲ ನೋಡಿ ಜಾಬ್ ಶೀಟಿನಲ್ಲಿ "ದೋಷ ಇಲ್ಲ" ಎಂದು ಬರೆದರು. "ಒಂದು ಬಾಗಿಲಿನದ್ದು ಹೀಗೇ ಮೇಡಂ. ಮೇಲೆ ಫ್ರೀಜರ್ ಡಬ್ಬಿ ಇರ್ತದಲ್ವಾ, ಅದರ ತಂಪೇ ಕೆಳಗೆ ಇಳಿಯುವುದು. ಏರುಪೇರು ಇದ್ದೇ ಇರ್ತದೆ. ಹಾಲು ತರಕಾರಿಗೆ ಏನೂ ಆಗುವುದಿಲ್ಲ" ಎಂದರು. ಒಳ್ಳೆಯ ಮನುಷ್ಯ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಆ ಜಾಬ್ ಶೀಟ್ ಕಂಡು ಮನೆಯವರು, "ಮುಗೀತಲ್ಲ, ದೋಷವೇ ಇಲ್ಲ ಅಂದ ಮೇಲೆ ಏನು ಕೇಳ್ತೀಯ?" ಎಂದರು. ಹೆಚ್ಚಿನವರು ಸೋಲುವುದು ಇಲ್ಲೇ. ಕಲಂ 16ರಲ್ಲಿ ಎರಡು ಬೇರೆ ಬೇರೆ ಷರತ್ತುಗಳಿವೆ. ಎರಡನ್ನೂ ಯಾರೂ ಕಾಗದದಲ್ಲಿ ಬರೆಯಬೇಕಿಲ್ಲ. ಕಾನೂನೇ ಮಾರಾಟದೊಳಗೆ ಸೇರಿಸುತ್ತದೆ. ಒಂದು, ಮಾಲು ಮಾರಾಟಕ್ಕೆ ಯೋಗ್ಯ ಗುಣಮಟ್ಟದ್ದಾಗಿರಬೇಕು. ಅಂದರೆ ಫ್ರಿಜ್ ಸಾಮಾನ್ಯ ಫ್ರಿಜ್ಜಿನ ಕೆಲಸ ಮಾಡಬೇಕು. ನಮ್ಮದು ಮಾಡುತ್ತಿತ್ತು, ಹಾಲು ಹಾಳಾಗಿರಲಿಲ್ಲ. ಆ ದಾರಿ ಹಿಡಿದಿದ್ದರೆ ನಾನು ಸೋಲುತ್ತಿದ್ದೆ. ಇನ್ನೊಂದು ಬೇರೆಯೇ. ನನಗೆ ಇಂಥ ಕೆಲಸಕ್ಕೆ ಬೇಕು ಎಂದು ಗ್ರಾಹಕರು ತಿಳಿಸಿದ್ದರೆ, ಮಾರುವವರ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಅಂಥ ಮಾಲು ಮಾರುವುದೇ ಅವರ ವ್ಯಾಪಾರವಾಗಿದ್ದರೆ, ಮಾಲು ಆ ಕೆಲಸಕ್ಕೆ ತಕ್ಕಮಟ್ಟಿಗೆ ಸರಿಹೊಂದಬೇಕು. ಇಲ್ಲಿ ಫ್ರಿಜ್ ಕೆಟ್ಟಿದೆಯೇ ಎಂಬುದು ಪ್ರಶ್ನೆಯೇ ಅಲ್ಲ. ನಾನು ಹೇಳಿದ ಕೆಲಸಕ್ಕೆ ಆಗುತ್ತದೆಯೇ ಎಂಬುದೇ ಪ್ರಶ್ನೆ. "ದೋಷ ಇಲ್ಲ, ಈ ಮಾಡೆಲ್ ಹೀಗೇ" ಎಂಬ ಮಾತು ನನ್ನ ಪರವಾಗಿಯೇ ಇತ್ತು. ಯಾವ ರಿಪೇರಿಯಿಂದಲೂ ಇದು ಸರಿಹೋಗದು ಎಂದು ಕಂಪನಿಯವರೇ ಹೇಳಿದಂತಾಯಿತು.

ಆಮೇಲೆ ಮುಖ್ಯವಾದದ್ದು ಸಮಯ. ಷರತ್ತು ಮುರಿದರೆ ಮಾಲನ್ನು ತಿರಸ್ಕರಿಸಿ ಹಣ ವಾಪಸ್ ಕೇಳಬಹುದು. ಆದರೆ ಮಾಲನ್ನು ಒಪ್ಪಿಕೊಂಡಿದ್ದೀರಿ ಎಂದಾದರೆ ಆ ಹಕ್ಕು ಹೋಗುತ್ತದೆ, ನಷ್ಟದ ಹಣ ಮಾತ್ರ ಕೇಳಬಹುದು. ಒಪ್ಪಿಕೊಳ್ಳುವುದು ಎಂದರೆ ಬಾಯಿಂದ ಹೂಂ ಅನ್ನಬೇಕಿಲ್ಲ. ಬೇಡ ಎಂದು ತಿಳಿಸದೆ ಸಮಂಜಸ ಕಾಲ ಮೀರಿ ಇಟ್ಟುಕೊಂಡರೂ ಸಾಕು. ಸಮಂಜಸ ಕಾಲ ಎಷ್ಟು ದಿನ ಅಂತ ಕಾಯ್ದೆ ಹೇಳಿಲ್ಲ. ಆಯಾ ಸಂದರ್ಭ ನೋಡಿ ತೀರ್ಮಾನಿಸುತ್ತಾರೆ. ಅದಕ್ಕೇ ಎರಡನೇ ಟೆಕ್ನಿಷಿಯನ್ ಹೋದ ದಿನವೇ ಫ್ರಿಜ್ ಖಾಲಿ ಮಾಡಿ, ಒರೆಸಿ, ಪ್ಲಗ್ ತೆಗೆದೆ. ಹಾಲಿಗಾದರೂ ಇರಲಿ ಎಂದು ಅಮ್ಮ ಹೇಳಿದರು. ಬೇಡ ಎಂದೆ. ಒಂದು ಕಡೆ ಬೇಡ ಎಂದು ಬರೆದು ಇನ್ನೊಂದು ಕಡೆ ಬಳಸುತ್ತಾ ಇದ್ದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ.

ಫ್ರಿಜ್ ಬಂದ ಹದಿನಾರನೇ ದಿನ ಅಂಗಡಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿದೆ. ಕಂಪನಿಗೆ ಪ್ರತಿ ಮಾತ್ರ. ನನ್ನ ವ್ಯವಹಾರ ಇದ್ದದ್ದು ಮಾರಿದವರ ಜೊತೆ, ಮತ್ತು ಮಾರುವವರು ತಯಾರಕರಾಗಿರಲಿ ಬಿಡಲಿ, ಈ ಷರತ್ತು ಅವರ ಮೇಲಿದೆ ಎಂದು ಕಲಂ 16 ಬಿಡಿಸಿ ಹೇಳುತ್ತದೆ. ಪತ್ರದ ಮುಖ್ಯ ಸಾಲುಗಳು ಇಷ್ಟೇ: "ಇನ್ಸುಲಿನ್ ಇಡಲು ಎಂದು ತಿಳಿಸಿ, ನಿಮ್ಮ ಸಲಹೆ ನಂಬಿ ಈ ಫ್ರಿಜ್ ಕೊಂಡಿದ್ದೇನೆ. ಅದು ಆ ಕೆಲಸಕ್ಕೆ ಹೊಂದುವುದಿಲ್ಲ. ಆದ್ದರಿಂದ ತಿರಸ್ಕರಿಸಿದ್ದೇನೆ. 16,800 ರೂಪಾಯಿ ಹಿಂತಿರುಗಿಸಿ, ಫ್ರಿಜ್ ತೆಗೆದುಕೊಂಡು ಹೋಗಿ." ವಾಟ್ಸಾಪ್ ಸಂದೇಶ, ಹತ್ತು ದಿನದ ಪಟ್ಟಿ, ಎರಡು ಜಾಬ್ ಶೀಟ್ ಲಗತ್ತಿಸಿದೆ. ಟೆಂಪೊ ಬಾಡಿಗೆ ಕೊಟ್ಟು ಫ್ರಿಜ್ಜನ್ನು ನಾನೇ ಸಾಗಿಸಬೇಕಿರಲಿಲ್ಲ. ತಿರಸ್ಕರಿಸಿದ್ದನ್ನು ತಿಳಿಸಿದರೆ ಸಾಕು, ಮರಳಿ ಒಪ್ಪಿಸುವ ಹೊಣೆ ಗ್ರಾಹಕರದ್ದಲ್ಲ ಎಂದು ಕಲಂ 43 ಹೇಳುತ್ತದೆ.

ಅಂಗಡಿಯವರು ಒಬ್ಬ ವಕೀಲರಿಂದ ಉತ್ತರ ಕೊಡಿಸಿದರು. ವಾರಂಟಿ ಕಾರ್ಡಿನಲ್ಲಿ ರಿಪೇರಿ ಮಾತ್ರ ಇದೆ ಎಂಬುದು ಅವರ ಮೊದಲ ವಾದ. ಅದಕ್ಕೆ ಉತ್ತರ ಸುಲಭ. ಬರೆದುಕೊಟ್ಟ ವಾರಂಟಿ ಕಾನೂನಿನ ಷರತ್ತಿಗೆ ವಿರುದ್ಧವಾಗಿದ್ದರೆ ಮಾತ್ರ ಅದನ್ನು ತೆಗೆದುಹಾಕುತ್ತದೆ, ಇಲ್ಲವಾದರೆ ಎರಡೂ ಜೊತೆಗೆ ಇರುತ್ತವೆ. ಎರಡನೇ ವಾದ ಗಟ್ಟಿಯಾಗಿತ್ತು. ಗ್ರಾಹಕರು ವ್ಯಾಪಾರನಾಮ, ಅಂದರೆ ಬ್ರ್ಯಾಂಡ್ ಹೆಸರು ಹೇಳಿ ನಿರ್ದಿಷ್ಟ ಮಾಲು ಕೊಂಡರೆ, ಅದು ವಿಶೇಷ ಕೆಲಸಕ್ಕೆ ಹೊಂದಬೇಕೆಂಬ ಷರತ್ತು ಇಲ್ಲ ಎಂದು ಅದೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಇದೆಯಲ್ಲ ಎಂದರು. ನಮ್ಮ ಕಾಯ್ದೆಗೆ ಮಾದರಿಯಾದ ಇಂಗ್ಲೆಂಡಿನ ಕಾಯ್ದೆಯಿಂದ ಈ ವಿನಾಯಿತಿಯನ್ನು 1973ರಲ್ಲೇ ತೆಗೆದರು. ನಮ್ಮ 1930ರ ಕಾಯ್ದೆಯಲ್ಲಿ ಅದು ಇಂದಿಗೂ ಇದೆ.

ಆದರೆ ಆ ವಿನಾಯಿತಿ ಇದ್ದಾಗಲೇ, 1920ರ ದಶಕದಲ್ಲಿ, ಅಲ್ಲಿನ ಮೇಲ್ಮನವಿ ನ್ಯಾಯಾಲಯ ಬಾಲ್ಡ್ರಿ ವಿರುದ್ಧ ಮಾರ್ಷಲ್ ಎಂಬ ಪ್ರಕರಣ ತೀರ್ಮಾನಿಸಿತ್ತು. ಆರಾಮಾಗಿ ಪ್ರವಾಸ ಮಾಡಲು ಕಾರು ಬೇಕು ಎಂದು ಗ್ರಾಹಕ ಹೇಳಿದ. ಬುಗಾಟಿ ತೆಗೆದುಕೊಳ್ಳಿ ಎಂದು ಮಾರಾಟಗಾರರು ಸಲಹೆ ಕೊಟ್ಟರು. ಅದು ಆ ಕೆಲಸಕ್ಕೆ ಆಗಲಿಲ್ಲ. ಬಿಲ್ಲಿನಲ್ಲಿ ಬುಗಾಟಿ ಎಂಬ ಹೆಸರು ಇದ್ದ ಮಾತ್ರಕ್ಕೆ ಷರತ್ತು ಬಿದ್ದುಹೋಗುವುದಿಲ್ಲ, ಆತ ಆ ಹೆಸರನ್ನು ನಂಬಿ ಕೊಂಡನೋ ಮಾರುವವರ ಸಲಹೆ ನಂಬಿ ಕೊಂಡನೋ ಎಂದು ನೋಡಬೇಕು ಎಂಬುದು ಅದರ ಸಾರ. ನನ್ನ ವಿಷಯವೂ ಅಷ್ಟೇ. ನಾನು ನೋಡಿಟ್ಟಿದ್ದ ಫ್ರಿಜ್ಜೇ ಬೇರೆ. ಆರಿಸಿದ್ದು ಅವರು. ವಾಟ್ಸಾಪ್ ಅದಕ್ಕೆ ಸಾಕ್ಷಿ.

ಉಡುಪಿಯಲ್ಲಿರುವ ಚಿಕ್ಕಪ್ಪನ ಮಗ ಇದೇ ಸಮಯದಲ್ಲಿ ಕೇಳಿದ, "ಅಕ್ಕಾ, ಹಾಗಾದರೆ ನನ್ನ ಬೈಕನ್ನೂ ವಾಪಸ್ ಕೊಡಬಹುದಾ?" ಅವನು ಆರು ತಿಂಗಳ ಹಿಂದೆ ಹೆಸರು ಹೇಳಿ, ಬಣ್ಣ ಹೇಳಿ ಒಂದು 125 ಸಿಸಿ ಬೈಕ್ ತಂದಿದ್ದ. ಇಬ್ಬರು ಕೂತು ಆಗುಂಬೆ ಘಾಟಿ ಹತ್ತುವಾಗ ಎಳೆಯುವುದಿಲ್ಲ ಎಂಬುದು ಅವನ ಒಂದು ದೂರು. ಘಾಟಿಯ ವಿಷಯ ಶೋರೂಮಿನಲ್ಲಿ ಹೇಳಿಯೇ ಇರಲಿಲ್ಲ. ಅಲ್ಲಿ ಕಲಂ 16ರ ವಿಶೇಷ ಷರತ್ತು ಹುಟ್ಟುವುದೇ ಇಲ್ಲ. ಇನ್ನೊಂದು ದೂರು, ಮಳೆ ಬಂದರೆ ಎಂಜಿನ್ ಬಂದ್ ಆಗುತ್ತದೆ ಎಂಬುದು. ಅದು ನಿಜವಾದ ದೂರು. ಮಳೆಯಲ್ಲಿ ಓಡುವುದು ಬೈಕಿನ ಸಾಮಾನ್ಯ ಕೆಲಸ, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಆದರೆ ಅವನು ಲಿಖಿತವಾಗಿ ಏನೂ ಹೇಳದೆ 4,000 ಕಿಲೋಮೀಟರ್ ಓಡಿಸಿದ್ದ. ಈ ಕಾಯ್ದೆಯಲ್ಲಿ ತಿರಸ್ಕರಿಸುವ ಕಾಲ ಮೀರಿತ್ತು. ದೋಷ ಸರಿಪಡಿಸಿ, ಆದ ಖರ್ಚು ಕೊಡಿ ಎಂದು ಗ್ರಾಹಕರ ಆಯೋಗದಲ್ಲಿ ಕೇಳು ಎಂದೆ.

ನನ್ನ ಮುಂದಿನ ದಾರಿಯೂ ಅದೇ ಆಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ "ದೋಷ" ಎಂದರೆ ಬರೆದ ಕರಾರು ಮಾತ್ರವಲ್ಲ, ಬರೆಯದೆ ಅಡಗಿರುವ ಕರಾರಿನ ಮಟ್ಟ ತಲುಪದಿರುವುದೂ ಸೇರುತ್ತದೆ. ಕಲಂ 16 ಅಲ್ಲಿಗೆ ಹೀಗೆ ಬಂದು ಸೇರುತ್ತದೆ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಬೇಕೇ ಬೇಕೆಂದಿಲ್ಲ. ದೋಷಯುಕ್ತ ಮಾಲನ್ನು ವಾಪಸ್ ಪಡೆಯಲು ಒಪ್ಪದಿರುವುದು ಆ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಬಿಲ್ಲಿನ ಕೆಳಗಿನ ಆ ಸಣ್ಣ ಅಕ್ಷರದ ಹಿಂದೆ ಅಡಗಲು ಆಗುವುದಿಲ್ಲ.

ದೂರಿನ ಕರಡನ್ನು ಅಂಗಡಿಯವರ ವಕೀಲರಿಗೆ ಕಳಿಸಿ ಹತ್ತು ದಿನ ಕೊಟ್ಟೆ. ಎಂಟನೇ ದಿನ ಟೆಂಪೊ ಬಂತು, 16,800 ರೂಪಾಯಿ ಖಾತೆಗೆ ಬಿತ್ತು. ಹಾಳಾದ ಎರಡು ಬಾಟಲಿ ಇನ್ಸುಲಿನ್ ಹಣ ಕೊಡಲು ಒಪ್ಪಲಿಲ್ಲ. ಅದನ್ನೂ ಕೇಳುವ ಹಕ್ಕು ನನಗಿತ್ತು. ಅಮ್ಮನಿಗೆ ಫ್ರಿಜ್ ಬೇಗ ಬೇಕು ಎಂದು ಬಿಟ್ಟುಬಿಟ್ಟೆ. ಬಿಡಬಾರದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಹೊಸ ಫ್ರಿಜ್ ಬೇರೆ ಅಂಗಡಿಯಿಂದ ತಂದೆ. ಬಿಲ್ ಬರೆಯುವಾಗ ಮಾಡೆಲ್ ನಂಬರಿನ ಕೆಳಗೆ ಒಂದು ಸಾಲು ಸೇರಿಸಿ ಎಂದೆ. ಆ ಹುಡುಗ ಸ್ವಲ್ಪ ಯೋಚಿಸಿ, ಮಾಲೀಕರನ್ನು ಕೇಳಿ ಬಂದು ಬರೆದ: "ಇನ್ಸುಲಿನ್ ಇಡಲು, 2–8 ಡಿಗ್ರಿ, ನಮ್ಮ ಸಲಹೆಯಂತೆ." ಮಾಲೀಕರು ಸಹಿ ಹಾಕಿದರು. ಅದಕ್ಕೂ ಮೊದಲು ಅವರು ನಾನು ಕೇಳಿದ್ದ ಮಾಡೆಲ್ ಬಿಟ್ಟು ಬೇರೊಂದನ್ನು ತೋರಿಸಿ, "ಹಾಗಾದರೆ ಇದು ತೆಗೆದುಕೊಳ್ಳಿ" ಎಂದಿದ್ದರು. ಲೋಟದ ನೀರು ಈಗ ಬೆಳಿಗ್ಗೆ 4, ಮಧ್ಯಾಹ್ನ 6 ತೋರಿಸುತ್ತದೆ.